ಮಾರಾಟ ಹೆಚ್ಚಿದರೂ ಖರ್ಚು ಬಜೆಟ್ ಮೀರಿದ್ದೇಕೆ?
ಹಣಕಾಸು ವ್ಯವಸ್ಥಾಪಕರ ಪತ್ರವೊಂದನ್ನು ಓದುವ ಬಗೆ



ವಾರ್ಷಿಕ ಮಹಾಸಭೆಗಳಲ್ಲಿ ಸದಸ್ಯರಿಂದ ಪದೇ ಪದೇ ಬರುವ ಪ್ರಶ್ನೆಯೊಂದಿದೆ. "ಮಾರಾಟ ಜಾಸ್ತಿಯಾಗಿದೆ ಎಂದು ನೀವೇ ವರದಿಯಲ್ಲಿ ಬರೆದಿದ್ದೀರಿ. ಹಾಗಾದರೆ ಖರ್ಚು ಬಜೆಟ್‌ಗಿಂತ ಹೆಚ್ಚಾದದ್ದೇಕೆ? ಆ ಹಣ ಎಲ್ಲಿಗೆ ಹೋಯಿತು?" ಇದು ನ್ಯಾಯವಾದ ಪ್ರಶ್ನೆ. ಒಕ್ಕೂಟದ ಖರ್ಚಿನಲ್ಲಿ ಉಳಿದ ಪ್ರತಿ ಪೈಸೆಯೂ ಹಾಲಿನ ದರವಾಗಿಯೋ, ವರ್ಷಾಂತ್ಯದ ಬೋನಸ್ ಆಗಿಯೋ ಉತ್ಪಾದಕರಿಗೇ ಬರಬೇಕಾದದ್ದು.

ಇದೇ ಪ್ರಶ್ನೆಯನ್ನು ವ್ಯವಸ್ಥಾಪಕ ನಿರ್ದೇಶಕರು ಪ್ರತಿ ತಿಂಗಳೂ ಹಣಕಾಸು ವಿಭಾಗಕ್ಕೆ ಕೇಳುತ್ತಾರೆ. ಹಣಕಾಸು ವ್ಯವಸ್ಥಾಪಕರು ಇ-ಮೇಲ್ ಮೂಲಕ ಲಿಖಿತ ಉತ್ತರ ಕೊಡುತ್ತಾರೆ. ಅಂಥ ಪತ್ರ ಹೇಗಿರುತ್ತದೆ, ಅದರಲ್ಲಿ ಯಾವುದನ್ನು ಒಪ್ಪಬೇಕು, ಯಾವುದನ್ನು ಮತ್ತೆ ಕೇಳಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಇಲ್ಲಿ ಕೊಟ್ಟಿರುವ ಪತ್ರ ಮತ್ತು ಅಂಕಿಗಳು ಯಾವುದೇ ಒಂದು ಒಕ್ಕೂಟದವಲ್ಲ. ಲೆಕ್ಕ ಸುಲಭವಾಗಿ ತಿಳಿಯಲೆಂದು ಹಾಕಿಕೊಂಡ ಮಾದರಿ. ಹಾಲನ್ನು ಕಿಲೋಗ್ರಾಂನಲ್ಲಿ ಕೊಂಡು ಲೀಟರ್‌ನಲ್ಲಿ ಮಾರುವ ವ್ಯತ್ಯಾಸವನ್ನೂ ಇಲ್ಲಿ ಬಿಟ್ಟು, ಎಲ್ಲವನ್ನೂ ಲೀಟರ್‌ನಲ್ಲೇ ಹೇಳಿದೆ.

ಮೊದಲು ನಮ್ಮ ಕೊಟ್ಟಿಗೆಯ ಲೆಕ್ಕ

ಒಬ್ಬ ಉತ್ಪಾದಕರ ಮನೆಯಲ್ಲಿ ಎರಡು ಕರೆಯುವ ಹಸುಗಳಿವೆ. ತಿಂಗಳಿಗೆ 50 ಕಿಲೋದ 8 ಮೂಟೆ ಪಶು ಆಹಾರ ಬೇಕು, ಮೂಟೆಗೆ 1,200 ರೂ., ಒಟ್ಟು 9,600 ರೂ. ಎಂದು ಅವರು ಅಂದಾಜು ಮಾಡಿದರು. ಆ ತಿಂಗಳ ಮೊದಲಲ್ಲೇ ಮೂರನೆಯ ಹಸು ಬಂತು. ತಿಂಗಳ ಕೊನೆಯಲ್ಲಿ ನೋಡಿದರೆ 13 ಮೂಟೆ ಖರ್ಚಾಗಿತ್ತು, ಮೂಟೆಯ ಬೆಲೆಯೂ 1,250 ರೂ. ಆಗಿತ್ತು. ಒಟ್ಟು ಖರ್ಚು 16,250 ರೂ. ಅಂದಾಜಿಗಿಂತ 6,650 ರೂ. ಹೆಚ್ಚು.

ಈ 6,650 ರೂ. ಒಂದೇ ಬಗೆಯ ಖರ್ಚಲ್ಲ. ಮೂರು ಹಸುಗಳಿಗೆ ಹಳೆಯ ಪ್ರಮಾಣದಲ್ಲೇ ಹಾಕಿದ್ದರೂ 12 ಮೂಟೆ ಬೇಕಿತ್ತು. ಹೆಚ್ಚಿನ 4 ಮೂಟೆಯ 4,800 ರೂ. ಮೂರನೆಯ ಹಸುವಿನ ಪಾಲು. ಆ ಹಸು ಹಾಲು ಕೊಡುತ್ತಿರುವುದರಿಂದ ಇದರ ಬಗ್ಗೆ ಚಿಂತಿಸಬೇಕಿಲ್ಲ. ಬೆಲೆ ಏರಿದ್ದರಿಂದ 13 ಮೂಟೆಗೆ 50 ರೂ.ನಂತೆ 650 ರೂ. ಹೋಯಿತು. ಇದು ನಮ್ಮ ಕೈಮೀರಿದ್ದು. ಉಳಿದ ಒಂದು ಮೂಟೆಯ 1,200 ರೂ. ಮಾತ್ರ ಅಳತೆ ತಪ್ಪಿ ಹಾಕಿದ್ದೋ, ಇಲಿ ತಿಂದದ್ದೋ, ನೆಂದು ಹಾಳಾದದ್ದೋ ಇರಬೇಕು. ವಿಚಾರಿಸಬೇಕಾದದ್ದು ಈ 1,200 ರೂ.

ಕೆಲಸ ಹೆಚ್ಚಿದ್ದರಿಂದ ಬಂದ ಖರ್ಚು, ಬೆಲೆ ಏರಿದ್ದರಿಂದ ಬಂದ ಖರ್ಚು, ಪೋಲಾದದ್ದರಿಂದ ಬಂದ ಖರ್ಚು ಎಂದು ಮೂರು ಭಾಗ ಮಾಡುವುದೇ ಹಣಕಾಸು ವ್ಯವಸ್ಥಾಪಕರ ಕೆಲಸದ ತಿರುಳು. ಒಕ್ಕೂಟದಲ್ಲಿ ಅಂಕಿ ದೊಡ್ಡದಾಗಿರುತ್ತದೆ, ಲೆಕ್ಕ ಇದೇ.

ನಿರ್ದೇಶಕರ ಪ್ರಶ್ನೆ

ನಮ್ಮ ಮಾದರಿ ಒಕ್ಕೂಟ ಸೆಪ್ಟೆಂಬರ್ ತಿಂಗಳಿಗೆ ಹೀಗೆ ಬಜೆಟ್ ಮಾಡಿತ್ತು: ದಿನಕ್ಕೆ 2 ಲಕ್ಷ ಲೀಟರ್ ಶೇಖರಣೆ, ಅಂದರೆ ತಿಂಗಳಿಗೆ 60 ಲಕ್ಷ ಲೀಟರ್. ಅದರಲ್ಲಿ 45 ಲಕ್ಷ ಲೀಟರ್ ಪೊಟ್ಟಣದ ಹಾಲಾಗಿ ಮಾರಾಟ. ಉಳಿದ 15 ಲಕ್ಷ ಲೀಟರ್ ಪುಡಿ ಮತ್ತು ಬೆಣ್ಣೆಗೆ. ಮಾರಾಟದಿಂದ 26 ಕೋಟಿ 25 ಲಕ್ಷ ರೂ. ಬರಬೇಕು, ಖರ್ಚು 24 ಕೋಟಿ 60 ಲಕ್ಷ ರೂ. ಆಗಬೇಕು.

ಆ ವರ್ಷ ಮಳೆ ಚೆನ್ನಾಯಿತು. ಹಸಿರು ಮೇವು ಧಾರಾಳವಾಗಿ ಸಿಕ್ಕಿತು. ಶೇಖರಣೆ 72 ಲಕ್ಷ ಲೀಟರ್‌ಗೆ ಏರಿತು. ಪೊಟ್ಟಣದ ಹಾಲಿನ ಮಾರಾಟವೂ 48 ಲಕ್ಷ ಲೀಟರ್‌ಗೆ ಏರಿತು. ಆದರೆ ತಿಂಗಳ ಲೆಕ್ಕ ಮುಗಿದಾಗ ಮಾರಾಟದ ಹಣ ಬಜೆಟ್‌ಗಿಂತ 1 ಕೋಟಿ 38 ಲಕ್ಷ ಹೆಚ್ಚು, ಖರ್ಚು 5 ಕೋಟಿ ಹೆಚ್ಚು ಎಂದು ಕಂಡುಬಂತು. ವ್ಯವಸ್ಥಾಪಕ ನಿರ್ದೇಶಕರು ಗಾಬರಿಗೊಂಡು ವಿವರಣೆ ಕೇಳಿದರು. ಬಂದ ಉತ್ತರದ ಮೊದಲ ಭಾಗ ಹೀಗಿತ್ತು:

"ಮಾನ್ಯರೇ,

ಸೆಪ್ಟೆಂಬರ್ ತಿಂಗಳ ಖರ್ಚು 29 ಕೋಟಿ 60 ಲಕ್ಷ ರೂ. ಆಗಿದ್ದು, ಬಜೆಟ್‌ಗಿಂತ 5 ಕೋಟಿ ರೂ. ಅಧಿಕವಾಗಿರುತ್ತದೆ. ಆದರೆ 60 ಲಕ್ಷ ಲೀಟರ್‌ಗೆಂದು ಮಾಡಿದ ಬಜೆಟ್ಟನ್ನು 72 ಲಕ್ಷ ಲೀಟರ್ ನಿರ್ವಹಿಸಿದ ತಿಂಗಳಿನ ಖರ್ಚಿನೊಂದಿಗೆ ನೇರವಾಗಿ ಹೋಲಿಸುವುದು ಸರಿಯಾಗಲಾರದು. ಬಜೆಟ್‌ನ ದರಗಳನ್ನೇ ಇಟ್ಟುಕೊಂಡು ವಾಸ್ತವ ಪ್ರಮಾಣಕ್ಕೆ ಲೆಕ್ಕ ಹಾಕಿದಲ್ಲಿ 29 ಕೋಟಿ 22 ಲಕ್ಷ ರೂ. ಖರ್ಚು ಆಗಲೇಬೇಕಿತ್ತು. ಆದ್ದರಿಂದ ಅಧಿಕ ಖರ್ಚಿನಲ್ಲಿ 4 ಕೋಟಿ 62 ಲಕ್ಷ ರೂ. ಹೆಚ್ಚು ಹಾಲಿನಿಂದ ಬಂದದ್ದು. ವಿವರಣೆ ಕೊಡಬೇಕಾದದ್ದು ಉಳಿದ 38 ಲಕ್ಷ ರೂ.ಗೆ."

ವಾಸ್ತವ ಪ್ರಮಾಣಕ್ಕೆ ಮತ್ತೆ ಹಾಕಿದ ಈ ಅಂದಾಜಿಗೆ 'ಹೊಂದಾಣಿಕೆಯ ಬಜೆಟ್' ಎನ್ನಬಹುದು. ಮೂರು ಹಸುವಿಗೆ 12 ಮೂಟೆ ಎಂದು ಮತ್ತೆ ಲೆಕ್ಕ ಹಾಕಿದೆವಲ್ಲ, ಅದೇ ಇದು. ಅಧಿಕವಾದ 4 ಕೋಟಿ 62 ಲಕ್ಷದಲ್ಲಿ 3 ಕೋಟಿ 84 ಲಕ್ಷ ರೂ. ಹೆಚ್ಚುವರಿ 12 ಲಕ್ಷ ಲೀಟರ್ ಹಾಲಿಗೆ ಲೀಟರ್‌ಗೆ 32 ರೂ.ನಂತೆ ಉತ್ಪಾದಕರಿಗೇ ಬಟವಾಡೆ ಆದ ಹಣ. ಒಕ್ಕೂಟದ ಪುಸ್ತಕದಲ್ಲಿ ಅದು ಖರ್ಚು, ನಮ್ಮ ಮನೆಯಲ್ಲಿ ಅದು ಆದಾಯ. ಖರ್ಚು ಹೆಚ್ಚಾಯಿತೆಂದು ಸಭೆಯಲ್ಲಿ ಆಕ್ಷೇಪಿಸುವಾಗ ಇದನ್ನು ಮರೆಯಬಾರದು.

ಗೋದಾಮಿನಲ್ಲಿ ಕುಳಿತ ಹಣ

ಆದರೂ ಒಂದು ಸಂಶಯ ಉಳಿಯುತ್ತದೆ. ಹಾಲು ಹೆಚ್ಚು ಬಂದದ್ದರಿಂದ ಖರ್ಚು ಹೆಚ್ಚಾದರೆ ಮಾರಾಟದ ಹಣವೂ ಅಷ್ಟೇ ಹೆಚ್ಚಬೇಕಿತ್ತಲ್ಲವೇ? ಪತ್ರದ ಎರಡನೆಯ ಭಾಗ ಇದಕ್ಕೆ ಉತ್ತರ:

"ಅಧಿಕವಾಗಿ ಬಂದ 12 ಲಕ್ಷ ಲೀಟರ್‌ನಲ್ಲಿ 3 ಲಕ್ಷ ಲೀಟರ್ ಮಾತ್ರ ಹಾಲಾಗಿ ಮಾರಾಟವಾಗಿದೆ. ಉಳಿದ 9 ಲಕ್ಷ ಲೀಟರ್ ಹಾಲನ್ನು ಕೆನೆರಹಿತ ಹಾಲಿನ ಪುಡಿ ಮತ್ತು ಬೆಣ್ಣೆಯಾಗಿ ಪರಿವರ್ತಿಸಿದ್ದು, ತಿಂಗಳ ಕೊನೆಗೆ ಅದು ದಾಸ್ತಾನಿನಲ್ಲಿದೆ. ಇದರ ಮೌಲ್ಯ 3 ಕೋಟಿ 33 ಲಕ್ಷ ರೂ."

ನೂರು ಲೀಟರ್ ಹಸುವಿನ ಹಾಲಿನಿಂದ, ಜಿಡ್ಡು ಶೇ. 3.5 ಮತ್ತು ಎಸ್.ಎನ್.ಎಫ್. ಶೇ. 8.5 ಇದ್ದರೆ, ಸುಮಾರು ಎಂಟೂವರೆ ಕಿಲೋ ಪುಡಿ ಮತ್ತು ನಾಲ್ಕು ಕಿಲೋಗಿಂತ ತುಸು ಹೆಚ್ಚು ಬೆಣ್ಣೆ ಬರುತ್ತದೆ. ಹೀಗೆ 9 ಲಕ್ಷ ಲೀಟರ್‌ನಿಂದ ಸುಮಾರು 76 ಟನ್ ಪುಡಿ ಮತ್ತು 38 ಟನ್ ಬೆಣ್ಣೆ ಆಗುತ್ತದೆ. ಪುಡಿ ಕಿಲೋಗೆ 240 ರೂ., ಬೆಣ್ಣೆ ಕಿಲೋಗೆ 395 ರೂ. ಎಂದು ಹಿಡಿದರೆ ಒಂದು ಲೀಟರ್ ಹಾಲಿನಿಂದ ಬರುವುದು 37 ರೂ. ಅದೇ ಲೀಟರನ್ನು ಪೊಟ್ಟಣದಲ್ಲಿ ಮಾರಿದ್ದರೆ ನಮ್ಮ ಮಾದರಿ ಒಕ್ಕೂಟಕ್ಕೆ 46 ರೂ. ಬರುತ್ತಿತ್ತು. ಉತ್ಪಾದಕರಿಗೆ ಕೊಟ್ಟ 32 ರೂ., ಶೇಖರಣೆ ಮತ್ತು ಪರಿವರ್ತನೆಯ ವೆಚ್ಚ ಸೇರಿದರೆ ಪುಡಿಗೆ ಹೋದ ಲೀಟರ್‌ಗೆ 39 ರೂ. ಮೀರಿ ತಗಲಿದೆ. ಅಂದರೆ ಪುಡಿಗೆ ಹೋದ ಪ್ರತಿ ಲೀಟರ್‌ನಲ್ಲೂ ನಷ್ಟವೇ.

ಇಂಥ ಕಾಲದಲ್ಲಿ ಹೆಚ್ಚುವರಿ ಹಾಲನ್ನು ಪುಡಿಗೆ ಕಳಿಸುವ ಬದಲು ಹಾಲಾಗಿಯೇ ಮಾರಲು ಯತ್ನಿಸುವುದು ಇದೇ ಕಾರಣಕ್ಕೆ. 2024ರ ಜೂನ್‌ನಲ್ಲಿ ರಾಜ್ಯದ ಶೇಖರಣೆ ದಿನಕ್ಕೆ ಕೋಟಿ ಲೀಟರ್‌ನ ಹತ್ತಿರ ಬಂದಾಗ ಕರ್ನಾಟಕ ಹಾಲು ಮಹಾಮಂಡಳಿಯು ಪೊಟ್ಟಣದಲ್ಲಿ 50 ಮಿ.ಲೀ. ಹಾಲು ಹೆಚ್ಚಿಸಿ 2 ರೂ. ಹೆಚ್ಚು ಪಡೆದದ್ದನ್ನು ಸದಸ್ಯರು ನೆನಪಿಸಿಕೊಳ್ಳಬಹುದು. 2025ರ ಏಪ್ರಿಲ್‌ನಲ್ಲಿ ಪೊಟ್ಟಣದ ಅಳತೆ ಮೊದಲಿನಂತಾಯಿತು.

ಈಗ 5 ಕೋಟಿಯ ಲೆಕ್ಕ ಕೂಡುತ್ತದೆ. ಅದರಲ್ಲಿ 1 ಕೋಟಿ 38 ಲಕ್ಷ ಮಾರಾಟದ ಮೂಲಕ ವಾಪಸು ಬಂದಿದೆ. 3 ಕೋಟಿ 33 ಲಕ್ಷ ಪುಡಿ, ಬೆಣ್ಣೆಯ ರೂಪದಲ್ಲಿ ಗೋದಾಮಿನಲ್ಲಿದೆ. ಬಾಕಿ 29 ಲಕ್ಷ ರೂ. ಮಾತ್ರ ನಿಜವಾದ ಕೊರತೆ. ವಿವರಿಸಬೇಕಾದ ಖರ್ಚು 38 ಲಕ್ಷ ಇದ್ದರೂ ಕೊರತೆ 29 ಲಕ್ಷ ಏಕೆಂದರೆ, ಹಾಲು ಮತ್ತು ಮಾರಾಟ ಹೆಚ್ಚಿದ್ದರಿಂದ ಎಲ್ಲಾ ವೆಚ್ಚ ಕಳೆದು 9 ಲಕ್ಷ ರೂ. ಒಕ್ಕೂಟಕ್ಕೆ ಉಳಿದಿದೆ.

ಇಲ್ಲಿ ಒಂದು ಎಚ್ಚರಿಕೆ. ದಾಸ್ತಾನಿಗೆ ಹಾಕಿದ ಬೆಲೆ ನಿಜವಾಗಿದ್ದರೆ ಮಾತ್ರ ಕೊರತೆ 29 ಲಕ್ಷ. ಲೆಕ್ಕಶಾಸ್ತ್ರದ ನಿಯಮದಂತೆ ದಾಸ್ತಾನನ್ನು ತಗಲಿದ ವೆಚ್ಚ ಅಥವಾ ಮಾರಿದರೆ ಬರುವ ಬೆಲೆ, ಇವೆರಡರಲ್ಲಿ ಕಡಿಮೆ ಇರುವ ದರದಲ್ಲಿ ಹಾಕಬೇಕು. ನಮ್ಮ ಮಾದರಿಯಲ್ಲಿ 39 ರೂ. ಬಿಟ್ಟು 37 ರೂ. ಹಿಡಿದದ್ದು ಅದಕ್ಕೇ. ಮುಂದೆ ಪುಡಿಯ ಬೆಲೆ ಕಿಲೋಗೆ 20 ರೂ. ಇಳಿದರೆ ಈ ದಾಸ್ತಾನಿನಲ್ಲೇ 15 ಲಕ್ಷ ರೂ. ಮೀರಿ ಕರಗುತ್ತದೆ. ಹಾಲು ಹೆಚ್ಚಿರುವ ಕಾಲದಲ್ಲಿ ಎಲ್ಲಾ ಕಡೆ ಪುಡಿ ತುಂಬಿರುವುದರಿಂದ ಬೆಲೆ ಇಳಿಯುವುದು ಅಪರೂಪವಲ್ಲ.

ಇನ್ನೊಂದು ಮಾತು. ಪುಡಿ ಮಾರಾಟವಾಗುವವರೆಗೆ ಕಾದು ಉತ್ಪಾದಕರಿಗೆ ಹಣ ಕೊಡಲು ಬರುವುದಿಲ್ಲ. ಬಟವಾಡೆ ಗೊತ್ತಾದ ದಿನ ಆಗಲೇಬೇಕು. ಆದ್ದರಿಂದ ಒಕ್ಕೂಟ ಬ್ಯಾಂಕಿನಲ್ಲಿ ಸಾಲ ಎತ್ತುತ್ತದೆ. 3 ಕೋಟಿ 33 ಲಕ್ಷಕ್ಕೆ ವರ್ಷಕ್ಕೆ ಶೇ. 9ರಂತೆ ಬಡ್ಡಿ ಎಂದರೂ ತಿಂಗಳಿಗೆ ಎರಡೂವರೆ ಲಕ್ಷ ರೂ. ಆಗುತ್ತದೆ. ದಾಸ್ತಾನು ನಾಲ್ಕು ತಿಂಗಳು ಕುಳಿತರೆ 10 ಲಕ್ಷ.

38 ಲಕ್ಷದ ವಿವರಣೆ

ಪತ್ರದ ಮುಖ್ಯ ಭಾಗ ಇನ್ನು ಮುಂದಿದೆ:

"38 ಲಕ್ಷ ರೂ.ಗಳ ವಿವರ ಈ ಕೆಳಗಿನಂತಿದೆ.
1. ಶೇಖರಣೆ ಮತ್ತು ಸಾಗಾಣಿಕೆ — 14.4 ಲಕ್ಷ ರೂ. (ಲೀಟರ್‌ಗೆ 2.50 ರೂ. ಬದಲು 2.70 ರೂ.)
2. ಪುಡಿ, ಬೆಣ್ಣೆಗೆ ಪರಿವರ್ತನೆ — 12 ಲಕ್ಷ ರೂ. (ಲೀಟರ್‌ಗೆ 4 ರೂ. ಬದಲು 4.50 ರೂ.)
3. ಪ್ಯಾಕಿಂಗ್ ಮತ್ತು ವಿತರಣೆ — 9.6 ಲಕ್ಷ ರೂ. (ಲೀಟರ್‌ಗೆ 4 ರೂ. ಬದಲು 4.20 ರೂ.)
4. ಬ್ಯಾಂಕ್ ಸಾಲದ ಬಡ್ಡಿ — 2 ಲಕ್ಷ ರೂ."

ಮೊದಲನೆಯದನ್ನು ನೋಡೋಣ. ಹಾಲು ಹೆಚ್ಚಾದರೆ ಟ್ಯಾಂಕರ್ ತುಂಬಿ ಬರುವುದರಿಂದ ಲೀಟರ್‌ಗೆ ಬೀಳುವ ಸಾಗಾಣಿಕೆ ವೆಚ್ಚ ಇಳಿಯಬೇಕು. ಇಲ್ಲಿ ಏರಿದೆ. ಕಾರಣ, ಬಿ.ಎಂ.ಸಿ.ಗಳ ತೊಟ್ಟಿ ತುಂಬಿದ ಮೇಲೆ ಉಳಿದ ಹಾಲಿಗಾಗಿ ಟ್ಯಾಂಕರ್ ಎರಡನೆಯ ಸಲ ಹೋಗಬೇಕಾಯಿತು. ಟ್ಯಾಂಕರ್ ಬಾಡಿಗೆ ಕಿಲೋಮೀಟರ್ ಲೆಕ್ಕದಲ್ಲಿ. ತುಂಬಿದರೂ ಅಷ್ಟೇ, ಅರ್ಧ ಬಂದರೂ ಅಷ್ಟೇ. ಹೋಗಿ ಬರಲು 120 ಕಿ.ಮೀ. ಇರುವ ಮಾರ್ಗದಲ್ಲಿ ಕಿ.ಮೀ.ಗೆ 40 ರೂ.ನಂತೆ ಒಂದು ಸುತ್ತಿಗೆ 4,800 ರೂ. ಆಗುತ್ತದೆ. 10,000 ಲೀಟರ್ ಬಂದರೆ ಲೀಟರ್‌ಗೆ 48 ಪೈಸೆ, 6,000 ಲೀಟರ್ ಬಂದರೆ 80 ಪೈಸೆ. ಎರಡನೆಯ ಸುತ್ತನ್ನು ಅಕ್ಕಪಕ್ಕದ ಎರಡು ಬಿ.ಎಂ.ಸಿ.ಗಳಿಗೆ ಸೇರಿಸಿ ಹಾಕಿದ್ದರೆ ಈ ಹಣದಲ್ಲಿ ಬಹುಪಾಲು ಉಳಿಯುತ್ತಿತ್ತು. ಇದನ್ನು ಕಂಡುಹಿಡಿಯುವುದು ಸುಲಭ. ಟ್ಯಾಂಕರ್‌ನ ಲಾಗ್ ಪುಸ್ತಕದಲ್ಲಿ ಓಡಿದ ಕಿ.ಮೀ. ಇರುತ್ತದೆ, ಡೇರಿಯ ತೂಕದ ಪುಸ್ತಕದಲ್ಲಿ ತಂದ ಹಾಲು ಇರುತ್ತದೆ. ಪ್ರತಿ ಕಿ.ಮೀ.ಗೆ ಎಷ್ಟು ಲೀಟರ್ ಬಂತೆಂದು ಭಾಗಿಸಿದರೆ ಯಾವ ಮಾರ್ಗದಲ್ಲಿ ತೊಂದರೆ ಇದೆಯೆಂದು ಗೊತ್ತಾಗುತ್ತದೆ.

ಎರಡನೆಯದು ಪರಿವರ್ತನೆ. ಲೀಟರ್‌ಗೆ 50 ಪೈಸೆ ಏರಿದೆ ಎಂದರೆ ಕಡಿಮೆ ಎನಿಸುತ್ತದೆ. ಆದರೆ ಇದು ಸರಾಸರಿ, ಸರಾಸರಿಯ ಒಳಗೆ ನಿಜ ಅಡಗಿರುತ್ತದೆ. ಹತ್ತಿರದ ಪುಡಿ ಘಟಕ ಮೊದಲಿನ 15 ಲಕ್ಷ ಲೀಟರನ್ನು 4 ರೂ.ನಂತೆಯೇ ಮಾಡಿಕೊಟ್ಟಿದೆ. ಅಲ್ಲಿ ಜಾಗವಿಲ್ಲದೆ ಉಳಿದ 9 ಲಕ್ಷ ಲೀಟರನ್ನು ದೂರದ ಘಟಕಕ್ಕೆ ಕಳಿಸಲಾಗಿದೆ. ಸಾಗಾಣಿಕೆ ಸೇರಿ ಆ ಹಾಲಿಗೆ ಬಿದ್ದದ್ದು ಲೀಟರ್‌ಗೆ 5.33 ರೂ. ಮುಂದಿನ ತಿಂಗಳು ಹಾಲು ಇನ್ನೂ ಹೆಚ್ಚಾದರೆ ಆ ಹೆಚ್ಚುವರಿ ಹಾಲಿಗೆಲ್ಲ ಬೀಳುವುದು 4.50 ರೂ. ಅಲ್ಲ, 5.33 ರೂ. ಸರಾಸರಿಯನ್ನು ನಂಬಿ ಮುಂದಿನ ಅಂದಾಜು ಮಾಡಿದರೆ ಮತ್ತೆ ಬಜೆಟ್ ಮೀರುತ್ತದೆ.

ಮೂರನೆಯದು ಪ್ಯಾಕಿಂಗ್. ಇಲ್ಲಿ ಬೆಲೆ ಮತ್ತು ಪೋಲು ಎರಡೂ ಬೆರೆತಿವೆ. ಲೀಟರ್‌ಗೆ ಏರಿದ 20 ಪೈಸೆಯಲ್ಲಿ 12 ಪೈಸೆ ಫಿಲ್ಮ್‌ನ ಬೆಲೆ ಏರಿದ್ದರಿಂದ. ಅದು ಸುಮಾರು 5.8 ಲಕ್ಷ ರೂ. ಉಳಿದ 8 ಪೈಸೆ, ಅಂದರೆ 3.8 ಲಕ್ಷ ರೂ., ಸೋರಿದ ಪೊಟ್ಟಣಗಳಿಂದ ಹೋಗಿದೆ. ಯಂತ್ರ ಹೆಚ್ಚು ಹೊತ್ತು ಓಡಿದಾಗ ಅಂಟಿಸುವ ಭಾಗ ಸವೆದು ಅಂಟು ಸರಿಯಾಗಿ ಬೀಳುವುದಿಲ್ಲ. ಪೊಟ್ಟಣ ಕ್ರೇಟಿನಲ್ಲೇ ಸೋರುತ್ತದೆ, ಏಜೆಂಟರು ವಾಪಸು ಕೊಡುತ್ತಾರೆ. ಹಾಲನ್ನು ಮತ್ತೆ ಬಳಸಿದರೂ ಫಿಲ್ಮ್ ಹೋಯಿತು. ಪಾಳಿಯ ಪ್ರಕಾರ ಫಿಲ್ಮ್ ತೂಕ ಮಾಡಿ ಕೊಟ್ಟು, ಆದ ಪೊಟ್ಟಣದ ಎಣಿಕೆಯೊಂದಿಗೆ ಹೋಲಿಸಿದರೆ ಯಾವ ಯಂತ್ರ, ಯಾವ ಪಾಳಿ ಎಂದು ಮರುದಿನವೇ ತಿಳಿಯುತ್ತದೆ.

ನಾಲ್ಕನೆಯದಾದ ಬಡ್ಡಿಯ ಕಾರಣ ಮೇಲೆಯೇ ಹೇಳಿದೆ.

ಪತ್ರ ಹೇಳದೆ ಬಿಟ್ಟದ್ದು

ಈ ಪತ್ರದಲ್ಲಿ ಸುಳ್ಳಿಲ್ಲ. ಆದರೂ ಓದಿದ ನಿರ್ದೇಶಕರು ಎರಡು ಪ್ರಶ್ನೆಗಳನ್ನು ಮತ್ತೆ ಕೇಳಬೇಕಾಗುತ್ತದೆ.

ಮೊದಲನೆಯದು, ಬಜೆಟ್ ಮಾಡುವಾಗ 60 ಲಕ್ಷ ಲೀಟರ್ ಎಂದು ಹಿಡಿದದ್ದು ಸರಿಯೇ? ಮಳೆಗಾಲ ಮುಗಿಯುವ ಹೊತ್ತಿಗೆ ಹಾಲು ಏರುವುದು ಪ್ರತಿ ವರ್ಷ ಕಂಡದ್ದೇ. ವರ್ಷದ ಶೇಖರಣೆಯನ್ನು ಹನ್ನೆರಡರಿಂದ ಭಾಗಿಸಿ ತಿಂಗಳ ಬಜೆಟ್ ಮಾಡಿದ್ದರೆ ಸೆಪ್ಟೆಂಬರ್‌ನಲ್ಲಿ ಖರ್ಚು ಮೀರಿದಂತೆಯೂ, ಏಪ್ರಿಲ್‌ನಲ್ಲಿ ಉಳಿದಂತೆಯೂ ಕಾಣುತ್ತದೆ. ಎರಡೂ ನಿಜವಲ್ಲ. ಹಾಲು ಹೆಚ್ಚಾಗುವುದು ಮೊದಲೇ ಗೊತ್ತಿದ್ದರೆ ಹತ್ತಿರದ ಪುಡಿ ಘಟಕದಲ್ಲಿ ಜಾಗವನ್ನು ಮುಂಚೆಯೇ ಗೊತ್ತುಮಾಡಿಕೊಳ್ಳಬಹುದಿತ್ತು. ಹೀಗಾಗಿ ಪರಿವರ್ತನೆಯ 12 ಲಕ್ಷದಲ್ಲಿ ಒಂದು ಪಾಲು ಬಜೆಟ್ ಮಾಡಿದವರ ತಪ್ಪಿಗೂ ಸೇರುತ್ತದೆ.

ಎರಡನೆಯದು, ಟ್ಯಾಂಕರ್ ಅರೆಬರೆ ಬರುತ್ತಿದ್ದದ್ದು, ಪೊಟ್ಟಣ ಸೋರುತ್ತಿದ್ದದ್ದು ತಿಂಗಳ ಮೊದಲ ವಾರದಲ್ಲೇ ಡೇರಿಯಲ್ಲಿ ಕಾಣುತ್ತಿತ್ತು. ಪತ್ರ ಬಂದದ್ದು ಅಕ್ಟೋಬರ್ ಎರಡನೆಯ ವಾರದಲ್ಲಿ. ಲೆಕ್ಕ ಮುಗಿಸಿ ಬರೆದ ಪತ್ರ ಹೋದ ಹಣವನ್ನು ವಾಪಸು ತರುವುದಿಲ್ಲ. ಕಿ.ಮೀ.ಗೆ ಎಷ್ಟು ಲೀಟರ್, ಸಾವಿರ ಪೊಟ್ಟಣಕ್ಕೆ ಎಷ್ಟು ಸೋರಿಕೆ, ಗೋದಾಮಿನಲ್ಲಿ ಎಷ್ಟು ಟನ್ ಪುಡಿ ಎಂಬ ಮೂರು ಅಂಕಿಗಳನ್ನು ವಾರವಾರ ತರಿಸಿಕೊಂಡರೆ ತಿಂಗಳ ಮಧ್ಯದಲ್ಲೇ ತಿದ್ದಿಕೊಳ್ಳಬಹುದು.

ನಮಗೆ ಇದರಿಂದ ಆಗುವುದೇನು?

ಕೊರತೆಯಾದ 29 ಲಕ್ಷ ರೂ.ಗಳನ್ನು ಆ ತಿಂಗಳ 72 ಲಕ್ಷ ಲೀಟರ್‌ಗೆ ಹಂಚಿದರೆ ಲೀಟರ್‌ಗೆ 40 ಪೈಸೆ. ಅದರಲ್ಲಿ ಟ್ಯಾಂಕರ್ ಮತ್ತು ಸೋರಿಕೆಯ 18.2 ಲಕ್ಷ ರೂ. ಮಾತ್ರವೇ 25 ಪೈಸೆಯಾಗುತ್ತದೆ. ದಿನಕ್ಕೆ 20 ಲೀಟರ್ ಹಾಕುವ ಉತ್ಪಾದಕರಿಗೆ ಈ 25 ಪೈಸೆ ತಿಂಗಳಿಗೆ 150 ರೂ. ತಡೆಯಬಹುದಾಗಿದ್ದ ಖರ್ಚು ಇದು. 5 ಕೋಟಿ ಎಂಬ ದೊಡ್ಡ ಅಂಕಿಯ ಹಿಂದೆ ಇದು ಕಾಣದೆ ಹೋಗುತ್ತದೆ.

ಆದ್ದರಿಂದ ಮಹಾಸಭೆಯಲ್ಲಿ ಲೆಕ್ಕಪತ್ರ ಓದುವಾಗ ಸದಸ್ಯರು "ಖರ್ಚು ಏಕೆ ಹೆಚ್ಚಾಯಿತು?" ಎಂದಷ್ಟೇ ಕೇಳಿದರೆ "ಹಾಲು ಹೆಚ್ಚು ಬಂತು" ಎಂಬ ಉತ್ತರ ಸಿಗುತ್ತದೆ. ಅದು ನಿಜವೂ ಹೌದು, ಸಾಲದೂ ಹೌದು. ಅದರ ಬದಲು ಹೀಗೆ ಕೇಳಬೇಕು: ಸಾಗಾಣಿಕೆ, ಪರಿವರ್ತನೆ, ಪ್ಯಾಕಿಂಗ್ ವೆಚ್ಚ ಲೀಟರ್‌ಗೆ ಎಷ್ಟೆಂದು ಅಂದಾಜು ಮಾಡಿದ್ದಿರಿ, ಎಷ್ಟಾಯಿತು? ಏರಿದ್ದರಲ್ಲಿ ಬೆಲೆಯಿಂದ ಎಷ್ಟು, ಪೋಲಿನಿಂದ ಎಷ್ಟು? ವರ್ಷಾಂತ್ಯದ ದಾಸ್ತಾನು ಎಷ್ಟು ಟನ್, ಅದಕ್ಕೆ ಕಿಲೋಗೆ ಯಾವ ಬೆಲೆ ಹಾಕಿದ್ದೀರಿ, ಇವತ್ತಿನ ಮಾರುಕಟ್ಟೆ ಬೆಲೆ ಏನು?

ಈ ಮೂರು ಪ್ರಶ್ನೆಗಳಿಗೆ ಅಂಕಿಗಳಲ್ಲಿ ಉತ್ತರ ಬಂದರೆ ಲೆಕ್ಕ ಅರ್ಥವಾದಂತೆಯೇ. ಬಾರದಿದ್ದರೆ ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ಮುಂದಿನ ಸಭೆಗೆ ತರಿಸಿಕೊಳ್ಳುವುದು ಸದಸ್ಯರಿಗೆ ಬಿಟ್ಟದ್ದು.